ಒಂದೇ ಸ್ಲೋಪ್, ಆದ್ರೆ 20 ಮೀಟರ್ ಎಲ್ಲಿ, 60 ಮೀಟರ್ ಎಲ್ಲಿ?

ಈ ಸಲ ಒಂದೇ ಗ್ರಾಫ್. ಪೆನ್ನು, ಒಂದು ಹಾಳೆ ತಗೊಳ್ಳಿ, ಚಿತ್ರ ನೀವೇ ಬರೀರಿ.

ಒಂದು ಬೈಕ್ ಗಂಟೆಗೆ 72 ಕಿ.ಮೀ., ಅಂದ್ರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹೋಗ್ತಿದೆ. ಮುಂದೆ ರಸ್ತೆ ಮಧ್ಯೆ ಹಸು. ಸವಾರನಿಗೆ ಹಸು ಕಂಡು, ಕೈ ಬ್ರೇಕ್ ಹಿಡಿಯೋಕೆ 1 ಸೆಕೆಂಡ್ ಬೇಕು. ಅಷ್ಟು ಹೊತ್ತು ವೇಗ ಹಾಗೇ ಇರುತ್ತೆ. ಆಮೇಲೆ ಬ್ರೇಕ್ ಬಿದ್ದು 4 ಸೆಕೆಂಡಲ್ಲಿ ಗಾಡಿ ನಿಲ್ಲುತ್ತೆ. ಅಡ್ಡಕ್ಕೆ ಸಮಯ, ಉದ್ದಕ್ಕೆ ವೇಗ ಹಾಕಿದರೆ ಗ್ರಾಫ್ ಹೀಗೆ ಬರುತ್ತೆ: 1ನೇ ಸೆಕೆಂಡ್‌ವರೆಗೆ ಮಟ್ಟಸವಾದ ಗೆರೆ, ಅಲ್ಲಿಂದ 5ನೇ ಸೆಕೆಂಡಿಗೆ ಸೊನ್ನೆ ಮುಟ್ಟುವ ಇಳಿಜಾರು ಗೆರೆ.

ಪ್ರಶ್ನೆ ಎರಡೇ. ಬ್ರೇಕ್ ಹಾಕಿದಾಗ ವೇಗೋತ್ಕರ್ಷ ಎಷ್ಟು? ಒಟ್ಟು ಸ್ಥಾನಪಲ್ಲಟ ಎಷ್ಟು?

ನಾವು ನಾಲ್ಕು ಜನ ಸಂಜೆ ಕೂತು ಓದುವಾಗ ಇದೇ ಲೆಕ್ಕವನ್ನ ಅವರಿಗೆ ಕೊಟ್ಟೆ. ಒಬ್ಬಳು ವೇಗೋತ್ಕರ್ಷಕ್ಕೆ 40 ಅಂದಳು. ಇಳಿಜಾರಿನ ಕೆಳಗಿನ ತ್ರಿಕೋನದ ವಿಸ್ತೀರ್ಣ ತೆಗೆದಿದ್ದಳು. ಇನ್ನೊಬ್ಬ 20ನ್ನ 5ರಿಂದ ಭಾಗಿಸಿ 4 ಅಂದ. ಮೂರನೆಯವನು ಮೊದಲ ಸೆಕೆಂಡಿನ ಗೆರೆ ಮಟ್ಟಸವಾಗಿದೆ, ಹಾಗಾಗಿ ಅಲ್ಲಿ ಸ್ಥಾನಪಲ್ಲಟ ಸೊನ್ನೆ ಅಂದ. ಮೂವರಿಗೂ ಸೂತ್ರ ಬಾಯಿಪಾಠ ಬರುತ್ತೆ. ಆದ್ರೆ ಯಾವ ಪ್ರಶ್ನೆಗೆ ಗ್ರಾಫಿನ ಯಾವ ಭಾಗ ನೋಡಬೇಕು ಅನ್ನೋದೇ ಕಲಸಿಹೋಗಿತ್ತು.

ನಾನು ಮಾಡೋದು ಇಷ್ಟೇ: ಮೊದಲು ಅಕ್ಷಗಳ ಮಾನ ಓದ್ತೀನಿ. ಉದ್ದಕ್ಕೆ ಮೀ/ಸೆ, ಅಡ್ಡಕ್ಕೆ ಸೆ. ಸ್ಲೋಪ್ ಅಂದ್ರೆ ಉದ್ದದ ಬದಲಾವಣೆಯನ್ನ ಅಡ್ಡದ ಬದಲಾವಣೆಯಿಂದ ಭಾಗಿಸೋದು, ಮಾನ ಮೀ/ಸೆ² ಆಗುತ್ತೆ. ಅದು ವೇಗೋತ್ಕರ್ಷ. ವಿಸ್ತೀರ್ಣ ಅಂದ್ರೆ ಉದ್ದ ಅಡ್ಡ ಗುಣಿಸೋದು, ಸೆಕೆಂಡ್ ಹೊಡೆದುಹೋಗಿ ಬರೀ ಮೀಟರ್ ಉಳಿಯುತ್ತೆ. ಅದು ಸ್ಥಾನಪಲ್ಲಟ. ಗೆಳತಿಯ 40ಕ್ಕೆ ಮಾನ ಹಚ್ಚಿ ನೋಡಿ, 40 ಮೀಟರ್. ಮೀಟರ್‌ನಲ್ಲಿ ವೇಗೋತ್ಕರ್ಷ ಇರೋಕೆ ಸಾಧ್ಯವೇ ಇಲ್ಲ.

ಈಗ ಲೆಕ್ಕ. ಬ್ರೇಕ್ ಬಿದ್ದಿದ್ದು 1ನೇ ಸೆಕೆಂಡಿಂದ, ಹಾಗಾಗಿ ಸಮಯದ ಬದಲಾವಣೆ 5 ಅಲ್ಲ, 4.

a = (0 − 20)/(5 − 1) = −5 ಮೀ/ಸೆ²

5ರಿಂದ ಭಾಗಿಸಿದವನು ಬ್ರೇಕೇ ಹಾಕದ ಒಂದು ಸೆಕೆಂಡನ್ನೂ ಬ್ರೇಕಿನ ಲೆಕ್ಕಕ್ಕೆ ಸೇರಿಸಿಬಿಟ್ಟ. ಸ್ಲೋಪ್ ಬೇಕಾದ್ರೆ ಆ ತುಂಡಿನ ಎರಡು ತುದಿಗಳನ್ನಷ್ಟೇ ನೋಡಬೇಕು.

ಸ್ಥಾನಪಲ್ಲಟಕ್ಕೆ ಹಾಗಲ್ಲ, ಗೆರೆಯಿಂದ ಸಮಯದ ಅಕ್ಷದವರೆಗೆ ಇರೋ ಜಾಗ ಪೂರ್ತಿ ಬೇಕು. ಮಟ್ಟಸ ಗೆರೆ ಕೆಳಗಿನ ಆಯತ 20 × 1 = 20 ಮೀ. ಇಳಿಜಾರಿನ ಕೆಳಗಿನ ತ್ರಿಕೋನ ½ × 4 × 20 = 40 ಮೀ. ಒಟ್ಟು 60 ಮೀ. ಮೊದಲ ಸೆಕೆಂಡಲ್ಲಿ ಸ್ಲೋಪ್ ಸೊನ್ನೆ ನಿಜ, ಆದ್ರೆ ಅದರರ್ಥ ವೇಗ ಬದಲಾಗಲಿಲ್ಲ ಅಂತ ಮಾತ್ರ. ಗಾಡಿ 20 ಮೀಟರ್ ಓಡೇ ಓಡಿದೆ.

ಈಗ ಅದೇ ಹಾಳೆ ಮೇಲೆ ಎರಡನೇ ಬೈಕ್ ಬರೀರಿ. ವೇಗ ಗಂಟೆಗೆ 36 ಕಿ.ಮೀ., ಅಂದ್ರೆ ಸೆಕೆಂಡಿಗೆ 10 ಮೀಟರ್. ಸವಾರನಿಗೆ ಅದೇ 1 ಸೆಕೆಂಡ್, ಬ್ರೇಕೂ ಅಷ್ಟೇ ಬಲದ್ದು. ಹಾಗಾಗಿ 2 ಸೆಕೆಂಡಲ್ಲಿ ನಿಲ್ಲುತ್ತೆ. ಎರಡೂ ಇಳಿಜಾರು ಗೆರೆಗಳು ಸಮಾಂತರ, ಯಾಕಂದ್ರೆ ಸ್ಲೋಪ್ ಎರಡಕ್ಕೂ −5. ಇಲ್ಲೇ "ಸ್ಲೋಪ್ ಒಂದೇ ಆದ್ಮೇಲೆ ನಿಲ್ಲೋ ದೂರವೂ ಒಂದೇ ಅಲ್ವಾ" ಅನ್ನೋ ಮಾತು ಬರೋದು. ವಿಸ್ತೀರ್ಣ ತೆಗೀರಿ: ಆಯತ 10 ಮೀ, ತ್ರಿಕೋನ ½ × 2 × 10 = 10 ಮೀ, ಒಟ್ಟು 20 ಮೀ. ವೇಗ ಅರ್ಧ ಆದಾಗ ತ್ರಿಕೋನದ ಎತ್ತರ, ಪಾದ ಎರಡೂ ಅರ್ಧ ಆದವು. ಅದಕ್ಕೇ ಬ್ರೇಕಿನ ದೂರ 40ರಿಂದ 10ಕ್ಕೆ, ಕಾಲು ಭಾಗಕ್ಕೆ ಇಳೀತು.

ಇಲ್ಲಿ ಬ್ರೇಕಿನ ಗೆರೆ ನೇರ ಅಂತ ಇಟ್ಟುಕೊಂಡಿದ್ದೀವಿ. ಗೆರೆ ಬಾಗಿದ್ರೆ ತ್ರಿಕೋನದ ಸೂತ್ರ ನಡೆಯಲ್ಲ, ಕೆಳಗಿನ ಚೌಕಗಳನ್ನ ಎಣಿಸಬೇಕು. ಸ್ಲೋಪ್‌ಗೆ ಆ ಬಿಂದುವಿನಲ್ಲಿ ಸ್ಪರ್ಶಕ ಎಳೀಬೇಕು.

ಕೊನೇದಾಗಿ ಗ್ರಾಫಿಗೇ ಇನ್ನೊಂದು ಪ್ರಶ್ನೆ. ಹಸು ಸರಿಯಾಗಿ 20 ಮೀಟರ್ ದೂರದಲ್ಲಿದ್ರೆ? ನಿಧಾನದ ಬೈಕ್ ಅದರ ಹತ್ತಿರ ಬಂದು ನಿಲ್ಲುತ್ತೆ. ಜೋರಿನ ಬೈಕಿಗೆ 20 ಮೀಟರ್ ಅಂದ್ರೆ ಬರೀ ಆ ಮೊದಲ ಆಯತ. ಅಂದ್ರೆ ಬ್ರೇಕ್ ಇನ್ನೂ ಕಚ್ಚೇ ಇಲ್ಲ, ಹಸು ಹತ್ತಿರ ಬಂದಾಗಲೂ ವೇಗ ಗಂಟೆಗೆ 72. "ಸ್ಲೋಪ್ ಸೊನ್ನೆ, ಹಾಗಾಗಿ ದೂರ ಸೊನ್ನೆ" ಅಂತ ಗೆಳೆಯ ಬಿಟ್ಟುಬಿಟ್ಟಿದ್ದು ಇದೇ ಆಯತವನ್ನ.