ನಡುವಿನ ಮಾತು ತೆಗೆದಾಗ ಜಾಗ ಮುಚ್ಚಬೇಕೋ, ಬಿಡಬೇಕೋ

ಎಡಿಟಿಂಗ್ ಕಲಿಯುವ ಹುಡುಗರು ನನಗೆ ಮಾಡುವ ಫೋನ್ ಕರೆಗಳಲ್ಲಿ ಎರಡು ದೂರು ಮತ್ತೆ ಮತ್ತೆ ಬರುತ್ತವೆ. ಒಂದು, "ಅಕ್ಕಾ, ನಡುವಿನ ತುಂಡು ತೆಗದೆ, ಅಲ್ಲಿ ಕಪ್ಪು ಕಾಣಸ್ಲತ್ತದ." ಇನ್ನೊಂದು, "ಅಕ್ಕಾ, ನಡುವಿನ ತುಂಡು ತೆಗದೆ, ಮುಂದ ಎಲ್ಲಾ ತುಟಿ ಒಂದು, ಮಾತು ಒಂದು ಆಗ್ಯದ." ಎರಡರ ಬೇರೂ ಒಂದೇ. ವಿಡಿಯೊದ ನಡುವಿನ ಭಾಗ ತೆಗೆಯಲು ಎರಡು ದಾರಿಗಳಿವೆ. ತಾನು ಯಾವುದರಲ್ಲಿ ಹೋಗುತ್ತಿದ್ದೇನೆ ಎಂದು ಕೀ ಒತ್ತುವ ಮೊದಲು ಹುಡುಗ ಯೋಚಿಸಿರುವುದಿಲ್ಲ.

ರೇಷನ್ ಅಂಗಡಿ ಮುಂದಿನ ಸಾಲನ್ನು ನೆನಪಿಸಿಕೊಳ್ಳಿ. ನಡುವೆ ನಿಂತವರು ಚೀಲ ಇಟ್ಟು ಮನೆಗೆ ಹೋದರೆ ಜಾಗ ಹಾಗೇ ಇರುತ್ತದೆ, ಹಿಂದಿನವರು ಹೆಜ್ಜೆ ಕದಲಿಸುವುದಿಲ್ಲ. ಇದು ಲಿಫ್ಟ್. ಚೀಲವನ್ನೂ ಎತ್ತಿಕೊಂಡು ಹೋದರೆ ಹಿಂದಿದ್ದವರೆಲ್ಲ ಒಂದು ಹೆಜ್ಜೆ ಮುಂದೆ ಬರುತ್ತಾರೆ. ಇದು ರಿಪಲ್ ಡಿಲೀಟ್. ಲಿಫ್ಟ್ ಮಾಡಿದಾಗ ಚಿತ್ರವೋ ಧ್ವನಿಯೋ ಹೋಗುತ್ತದೆ, ವಿಡಿಯೊದ ಅಳತೆ ಉಳಿಯುತ್ತದೆ. ರಿಪಲ್ ಮಾಡಿದಾಗ ಅಷ್ಟು ಸಮಯವೇ ಹೋಗುತ್ತದೆ.

ಕೀಗಳ ಹೆಸರು ಇನ್ನಷ್ಟು ಗೊಂದಲ ಮಾಡುತ್ತವೆ. ಡಾವಿಂಚಿ ರಿಸಾಲ್ವ್‌ನಲ್ಲಿ `Backspace` ಒತ್ತಿದರೆ ಜಾಗ ಉಳಿಯುತ್ತದೆ, `Delete` ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಪ್ರೀಮಿಯರ್ ಪ್ರೊದಲ್ಲಿ `Delete` ಜಾಗ ಉಳಿಸುತ್ತದೆ, ಮುಚ್ಚಲು `Shift+Delete` ಬೇಕು. ಅಂದರೆ ಒಂದೇ ಕೀ ಎರಡು ಸಾಫ್ಟ್‌ವೇರ್‌ಗಳಲ್ಲಿ ಎರಡು ಕೆಲಸ ಮಾಡುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಒಂದನ್ನು ಕಲಿತು ಮನೆಯ ಲ್ಯಾಪ್‌ಟಾಪಿನಲ್ಲಿ ಪುಕ್ಕಟೆ ಸಿಗುವ ರಿಸಾಲ್ವ್ ಹಾಕಿಕೊಂಡವರ ಬೆರಳು ಹಳೆಯ ಅಭ್ಯಾಸದಲ್ಲೇ ಇರುತ್ತದೆ.

ಕೀ ಗೊತ್ತಾದರೂ ಎಲ್ಲಿ ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ. ಅದನ್ನು ಕಮಲಾಪುರದ ಒಂದು ವಿಡಿಯೊ ಮೇಲೆ ಹೇಳುವುದೇ ಸುಲಭ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಆದರೂ ಬಾಳೆ ಬಿಟ್ಟು ತೊಗರಿಗೆ ತಿರುಗಿದ ಒಬ್ಬ ರೈತರ ಮಾತನ್ನು ನಮ್ಮ ಕಾಲೇಜಿನಲ್ಲಿ ನನಗಿಂತ ಚಿಕ್ಕವನೊಬ್ಬ ಚಿತ್ರಿಸಿಕೊಂಡು ಬಂದಿದ್ದ. ಜಗತ್ ಸರ್ಕಲ್ ಹತ್ತಿರದ ಅವನ ಬಾಡಿಗೆ ಕೋಣೆಯಲ್ಲಿ ಎಡಿಟ್ ಮುಗಿಯುತ್ತ ಬಂದಾಗ ರೈತರ ಫೋನ್ ಬಂತು. "ತಮ್ಮಾ, ಆ ಸಾಲದ ಮಾತು ಬ್ಯಾಡ. ಹೆಸರು ಹೇಳೀನಿ, ನಾಳೆ ಅವರ ಹತ್ರನೇ ಹೋಗಬೇಕು." ಯಾರಿಂದ ಸಾಲ ತಂದರು, ಎಷ್ಟು ತಂದರು ಎಂದು ಅವರು ಕ್ಯಾಮೆರಾ ಮುಂದೆ ಹೇಳಿಬಿಟ್ಟಿದ್ದರು. ತೆಗೆಯಲೇಬೇಕಿತ್ತು.

ಅವರ ಮಾತು ಹೀಗಿತ್ತು. ಮೊದಲು, "ಹೋದ ವರ್ಷ ಬಾಳಿ ಛಲೋ ಬಂದಿತ್ರಿ." ಆಮೇಲೆ, "ಗೊನಿ ಕಡಿಯೋ ಹೊತ್ತಿಗಿ ಗಾಳಿ ಬೀಸಿ ಅರ್ಧ ತೋಟ ಮಲಗ್ತು." ಆಮೇಲೆ ಸಾಲದ ಮಾತು. ಕೊನೆಗೆ, "ಅದಕ್ಕೇ ಈ ವರ್ಷ ತೊಗರಿ ಹಾಕೀನ್ರಿ." ಹುಡುಗ ಗಾಳಿಯಿಂದ ಹಿಡಿದು ಸಾಲದವರೆಗೆ ಹದಿನಾಲ್ಕು ಸೆಕೆಂಡಿನಷ್ಟು ತೆಗೆದು ರಿಪಲ್ ಮಾಡಿದ್ದ. ಜೋಡಣೆ ನಯವಾಗಿತ್ತು, ಒಂದು ಚೂರೂ ಕುಕ್ಕಲಿಲ್ಲ. ಆದರೆ ಈಗ ರೈತರು ಹೇಳುತ್ತಿದ್ದದ್ದು ಏನು? "ಹೋದ ವರ್ಷ ಬಾಳಿ ಛಲೋ ಬಂದಿತ್ರಿ. ಅದಕ್ಕೇ ಈ ವರ್ಷ ತೊಗರಿ ಹಾಕೀನ್ರಿ." ಬೆಳೆ ಚೆನ್ನಾಗಿ ಬಂದಿದ್ದಕ್ಕೇ ಬಿಟ್ಟರು ಎಂದಾಯಿತು. ಅವರು ಆಡದ ಮಾತು ಅವರ ಬಾಯಿಂದಲೇ ಬರುತ್ತಿತ್ತು.

ರಿಪಲ್‌ನ ದೊಡ್ಡ ಅಪಾಯ ಇದೇ. ಲಿಫ್ಟ್ ಮಾಡಿದ ಜಾಗದಲ್ಲಿ ಕಪ್ಪು ಬರುತ್ತದೆ, ಮೌನ ಬರುತ್ತದೆ, ಇಲ್ಲಿ ಏನೋ ಹೋಗಿದೆ ಎಂದು ಎಡಿಟ್ ಮಾಡುವವರಿಗೇ ನೆನಪಿಸುತ್ತದೆ. ರಿಪಲ್ ಆ ಗುರುತನ್ನು ಉಳಿಸುವುದಿಲ್ಲ. ಹಾಗಾಗಿ ರಿಪಲ್ ಮಾಡಿದ ಕೂಡಲೇ ನಾನು ಒಂದು ಕೆಲಸ ಮಾಡುತ್ತೇನೆ. ಚಿತ್ರ ನೋಡದೆ ಹತ್ತು ಸೆಕೆಂಡ್ ಹಿಂದಿನಿಂದ ಕೇಳಿ, ಹಿಂದಿನ ವಾಕ್ಯ ಮತ್ತು ಮುಂದಿನ ವಾಕ್ಯವನ್ನು ಕಾಗದದ ಮೇಲೆ ಪಕ್ಕಪಕ್ಕ ಬರೆಯುತ್ತೇನೆ. "ಅದಕ್ಕೆ", "ಆದರೆ", "ಅವರು", "ಅಲ್ಲಿ" ಎಂದು ಶುರುವಾಗುವ ವಾಕ್ಯ ಕತ್ತರಿಯ ಆಚೆ ಇದ್ದರೆ, ಅದು ಯಾವುದಕ್ಕೆ ಅಂಟಿಕೊಂಡಿತ್ತೋ ಅದು ಈಚೆ ಉಳಿದಿದೆಯೇ ಎಂದು ನೋಡಬೇಕು.

ಗಾಳಿಯ ಮಾತು ಉಳಿಸಿ, ಸಾಲದ ಮಾತು ಮಾತ್ರ ತೆಗೆಯುವುದೆಂದು ನಿರ್ಧರಿಸಿದೆವು. ಸಾಲದ ಮಾತು ಶುರುವಾಗುವುದು 2:16:00ಕ್ಕೆ, ತೊಗರಿಯ ಮಾತು ಶುರುವಾಗುವುದು 2:24:10ಕ್ಕೆ. ಕೊನೆಯ ಎರಡಂಕಿ ಫ್ರೇಮು. ಸೆಕೆಂಡಿಗೆ 25 ಫ್ರೇಮಿನ ವಿಡಿಯೊ, ಆದ್ದರಿಂದ ಹತ್ತು ಫ್ರೇಮ್ ಎಂದರೆ 0.4 ಸೆಕೆಂಡ್. ತೆಗೆಯಬೇಕಾದದ್ದು ಒಟ್ಟು 8.4 ಸೆಕೆಂಡ್.

ಇಲ್ಲಿ ರಿಪಲ್ಲೇ ಸರಿ, ಏಕೆಂದರೆ ಎಂಟು ಸೆಕೆಂಡ್ ಸುಮ್ಮನೆ ನಿಲ್ಲುವ ಮಾತುಕತೆ ಯಾರಿಗೂ ಬೇಡ. ಆದರೆ ಆ ಸಮಯ ಎಲ್ಲ ಟ್ರ್ಯಾಕುಗಳಿಂದಲೂ ಒಟ್ಟಿಗೆ ಹೋಗಬೇಕು. ಅವನ ಟೈಮ್‌ಲೈನಿನಲ್ಲಿ V1 ಮೇಲೆ ರೈತರ ಮುಖ, V2 ಮೇಲೆ ತೋಟದ ದೃಶ್ಯ, A1 ಮೇಲೆ ಬೇರೆ ರೆಕಾರ್ಡರಿನ ಕಾಲರ್ ಮೈಕ್, A2 ಮೇಲೆ ಕ್ಯಾಮೆರಾದ ಧ್ವನಿ, A3 ಮೇಲೆ ಅವನದೇ ನಿರೂಪಣೆ ಇದ್ದವು. ಪ್ರತಿ ಟ್ರ್ಯಾಕಿನ ತಲೆಯಲ್ಲಿ `Auto Select` ಎಂಬ ಸಣ್ಣ ಬಟನ್ ಇರುತ್ತದೆ. ಐದರಲ್ಲೂ ಅದನ್ನು ಹಚ್ಚಿದೆವು. ಯಾವ ಕ್ಲಿಪ್ಪೂ ಆಯ್ಕೆಯಲ್ಲಿ ಇಲ್ಲದಂತೆ ನೋಡಿಕೊಂಡು, ಸಾಲದ ಮಾತಿನ ಆರಂಭಕ್ಕೆ `I`, ಅದರ ಕೊನೆಯ ಫ್ರೇಮಿಗೆ `O`, ಆಮೇಲೆ `Delete`.

A1ರ ಬಟನ್ ಆರಿದ್ದರೆ ಏನಾಗುತ್ತಿತ್ತು? ಮುಖ 8.4 ಸೆಕೆಂಡ್ ಮುಂದೆ ಬರುತ್ತಿತ್ತು, ಮೈಕಿನ ಧ್ವನಿ ಇದ್ದಲ್ಲೇ ಇರುತ್ತಿತ್ತು. ಸಾಲ ಕೊಟ್ಟವರ ಹೆಸರೂ ಕೇಳಿಸುತ್ತಿತ್ತು. ಚಿತ್ರ ನೋಡಿ ಮಾತು ಹೋಯಿತು ಎಂದುಕೊಂಡು ಅಪ್‌ಲೋಡ್ ಮಾಡಿದ್ದರೆ, ಆ ರೈತರಿಗೆ ಕೊಟ್ಟ ಮಾತು ಅಲ್ಲೇ ಮುರಿಯುತ್ತಿತ್ತು. ತುಟಿ ಮತ್ತು ಮಾತು ತಪ್ಪಿದಾಗ ನಡುವಿನ ಅಂತರ ತೆಗೆದ ಭಾಗದ ಉದ್ದಕ್ಕೆ ಸರಿಯಾಗಿ ಸಮನಾಗಿದ್ದರೆ, ಯಾವುದೋ ಒಂದು ಟ್ರ್ಯಾಕು ಹಿಂದೆ ಉಳಿದಿದೆ ಎಂದೇ ಅರ್ಥ. ಜಗ್ಗಿ ಕೂಡಿಸಲು ಹೋಗದೆ ಅಂಡೂ ಮಾಡಿ ಮತ್ತೆ ತೆಗೆಯುವುದು ಒಳ್ಳೆಯದು.

ಸಂಗೀತ ಇನ್ನೂ ಹಾಕಿರಲಿಲ್ಲ, ಅದು ಅನುಕೂಲವೇ ಆಯಿತು. ಹಾಕಿದ್ದರೆ ರಿಪಲ್ ಅದನ್ನೂ ನಡುವೆ ಕತ್ತರಿಸಿ ತಾಳ ತಪ್ಪಿಸುತ್ತಿತ್ತು. ಅಂಥಲ್ಲಿ ಸಂಗೀತದ ಟ್ರ್ಯಾಕಿನ `Auto Select` ಮಾತ್ರ ಆರಿಸಿ, ಕೊನೆಯಲ್ಲಿ ಹೆಚ್ಚಾದ ಭಾಗವನ್ನು ಬೇರೆಯಾಗಿ ಕತ್ತರಿಸಬೇಕು.

ಜೋಡಣೆಯಾದ ಜಾಗದಲ್ಲಿ ರೈತರ ತಲೆ ಫಕ್ಕನೆ ಎಡಕ್ಕೆ ಹಾರಿತು. ಅದರ ಮೇಲೆ V2ನಲ್ಲಿ ಮಲಗಿದ ಬಾಳೆಗಿಡದ ಮೂರು ಸೆಕೆಂಡಿನ ದೃಶ್ಯ ಇಟ್ಟೆವು. ಎಲೆಗಳ ಸದ್ದು ಒಮ್ಮೆಗೇ ಬದಲಾಗದಂತೆ A1 ಮತ್ತು A2ರಲ್ಲಿ ನಾಲ್ಕು ಫ್ರೇಮಿನ ಕ್ರಾಸ್‌ಫೇಡ್ ಕೊಟ್ಟೆವು.

ಇದೇ ವಿಡಿಯೊದಲ್ಲಿ ಲಿಫ್ಟ್ ಬೇಕಾದ ಜಾಗವೂ ಇತ್ತು. ನಾಲ್ಕನೇ ನಿಮಿಷದಲ್ಲಿ ನಿರೂಪಣೆಯ ಮೇಲೆ ಸಂತೆಯ ದೃಶ್ಯಗಳು ಬರುತ್ತವೆ. ಅದರಲ್ಲಿ ಮೂರು ಸೆಕೆಂಡ್ ಕಾಣುವ ಹೆಣ್ಣುಮಗಳು ತನ್ನ ಮುಖ ಬೇಡ ಎಂದು ಅಲ್ಲೇ ಹೇಳಿದ್ದಳು. ನಿರೂಪಣೆ ಮುಗಿದು ಕೂತಿದೆ, ಅದರ ಒಂದು ಪದವೂ ಸರಿಯಬಾರದು. ಆದ್ದರಿಂದ ಆ ಒಂದು ಶಾಟ್ ಆಯ್ಕೆ ಮಾಡಿ `Backspace` ಒತ್ತಿದೆವು. ಮೂರು ಸೆಕೆಂಡಿನ ಖಾಲಿ ಜಾಗ ಸಿಕ್ಕಿತು, ಅಷ್ಟೇ ಉದ್ದದ ತಕ್ಕಡಿಯ ಶಾಟ್ ಕೂಡಿಸಿದೆವು. ಇಲ್ಲಿ V2 ಒಂದನ್ನೇ ರಿಪಲ್ ಮಾಡಿದ್ದರೆ ಮುಂದಿನ ದೃಶ್ಯಗಳೆಲ್ಲ ಮೂರು ಸೆಕೆಂಡ್ ಮೊದಲೇ ಬಂದು, ಬಾಳೆಯ ಮಾತಿಗೆ ತೊಗರಿ ರಾಶಿ ಕಾಣುತ್ತಿತ್ತು. ಲಿಫ್ಟ್ ಮಾಡಿದ ಜಾಗ ಯಾವಾಗಲೂ ಕಪ್ಪಾಗಿರುವುದಿಲ್ಲ ಎಂಬುದೂ ನೆನಪಿರಲಿ. ಕೆಳಗೆ V1ನಲ್ಲಿ ಏನಾದರೂ ಇದ್ದರೆ ಅದು ಕಾಣುತ್ತದೆ, ಜಾಗ ಖಾಲಿ ಇದೆ ಎಂದು ಗೊತ್ತೇ ಆಗುವುದಿಲ್ಲ.

ಫಿಲ್ಮ್ ರೀಲಿನ ಕಾಲದಲ್ಲೂ ಈ ಎರಡೂ ಇದ್ದವು. ತುಂಡು ಕತ್ತರಿಸಿ ತುದಿಗಳನ್ನು ಅಂಟಿಸಿದರೆ ರೀಲು ಗಿಡ್ಡವಾಗುತ್ತಿತ್ತು. ಬೇರೆ ರೀಲಿನಲ್ಲಿದ್ದ ಧ್ವನಿಯ ಜೊತೆ ತಾಳೆ ಕೆಡಬಾರದೆಂದರೆ, ತೆಗೆದಷ್ಟೇ ಉದ್ದದ ಬೇಡದ ಫಿಲ್ಮನ್ನು ಆ ಜಾಗಕ್ಕೆ ಅಂಟಿಸುತ್ತಿದ್ದರು. ಸಾಲಿನಲ್ಲಿ ಇಟ್ಟ ಚೀಲ ಅದೇ.

ಕೊನೆಗೆ ಉಳಿದದ್ದು ಟೈಮ್‌ಲೈನಿನ ಹೊರಗಿನ ಕೆಲಸ. ಹಳೆಯ ಎಡಿಟ್ ನೋಡಿ ಅವನು ಸಬ್‌ಟೈಟಲ್ ಕಡತ ಮಾಡಿಟ್ಟಿದ್ದ. ರಿಪಲ್ ಟೈಮ್‌ಲೈನನ್ನು ಮಾತ್ರ ಸರಿಸುತ್ತದೆ, ಬೇರೆ ಫೋಲ್ಡರಿನ ಕಡತ ಅದಕ್ಕೆ ಗೊತ್ತಿಲ್ಲ. ಮೊದಲು ಸಾಲದ ಮಾತಿನ ಸಾಲುಗಳನ್ನು ಕಡತದಿಂದ ಅಳಿಸಿದೆವು. ಇಲ್ಲದಿದ್ದರೆ ಹೆಸರು ಧ್ವನಿಯಲ್ಲಿ ಹೋಗಿ ಅಕ್ಷರದಲ್ಲಿ ಉಳಿಯುತ್ತಿತ್ತು. ಆಮೇಲೆ 2:24:10ರ ಮುಂದಿನ ಎಲ್ಲ ಸಾಲುಗಳಿಂದ 8.4 ಸೆಕೆಂಡ್ ಕಳೆದೆವು. ಒಂದು ಸಾಲು ಮೊದಲು ಹೀಗಿತ್ತು, ಆಮೇಲೆ ಹೀಗಾಯಿತು:

```
00:02:31,200 --> 00:02:34,000
00:02:22,800 --> 00:02:25,600
```

ಸಂತೆಯ ಲಿಫ್ಟ್‌ಗಾಗಿ ಕಡತದಲ್ಲಿ ಏನನ್ನೂ ಮುಟ್ಟಬೇಕಾಗಲಿಲ್ಲ, ಏಕೆಂದರೆ ಅಲ್ಲಿ ಸಮಯ ಕದಲಿರಲಿಲ್ಲ.

ಲೆಕ್ಕ ಸರಿಯಾಯಿತೇ ಎಂದು ತಿಳಿಯಲು ವಿಡಿಯೊದ ಒಟ್ಟು ಅಳತೆ ನೋಡಿದೆವು. ಸಾಲದ ಮಾತು ಇದ್ದಾಗ 6:12:00 ಇತ್ತು, ಈಗ 6:03:15. ವ್ಯತ್ಯಾಸ ಎಂಟು ಸೆಕೆಂಡ್ ಹತ್ತು ಫ್ರೇಮ್. ಕೊನೆಯ ನಿಮಿಷದಲ್ಲಿ ರೈತರು ಮತ್ತೆ ಮಾತಾಡುವಲ್ಲಿ ತುಟಿ ನೋಡಿದೆವು. ಕತ್ತರಿಸಿದ ಜಾಗದ ಪಕ್ಕದಲ್ಲಿ ಎಲ್ಲ ಸರಿ ಕಂಡರೂ ತಪ್ಪಿದ ಟ್ರ್ಯಾಕು ದೂರದಲ್ಲಿ ಸಿಕ್ಕಿಬೀಳುವುದುಂಟು.

ಆ ಎರಡು ವಾಕ್ಯಗಳ ತುಂಡನ್ನು ಹುಡುಗ ರೈತರಿಗೆ ವಾಟ್ಸಾಪಿನಲ್ಲಿ ಕಳಿಸಿದ. ಅವರು ಕೇಳಿ ಫೋನ್ ಮಾಡಿದರು. "ಹೂಂ ತಮ್ಮಾ, ಸಾಲದ್ದು ಹೋಗ್ಯದ, ಗಾಳಿದು ಅದ. ಈಗ ಹಾಕು."