ಗೋಡೆಗೆ ಯಾವ ಗಾದೆ?

ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನಾಚರಣೆಗೆ ಸುಭಾಷಿತ ಫಲಕಗಳನ್ನು ಸಿದ್ಧಪಡಿಸುವ ಕೆಲಸ ಅಭ್ಯಾಸ ಬೋಧನೆಯ ಶಾಲೆಯಲ್ಲಿ ನನ್ನ ಪಾಲಿಗೆ ಬಂದಿತ್ತು. ಏಳನೇ ತರಗತಿಯಲ್ಲಿ ಗಾಲಿಕುರ್ಚಿ ಬಳಸುವ ಒಬ್ಬ ಹುಡುಗಿ, ಮಂದದೃಷ್ಟಿಯ ಒಬ್ಬ ಹುಡುಗ ಇದ್ದರು. ಗೋಡೆಯ ಮೇಲಿನ ಮಾತನ್ನು ಅವರೂ ದಿನಾ ಓದುತ್ತಾರೆ. ಹಾಗಾಗಿ ಪ್ರತಿ ಗಾದೆಗೂ ಒಂದೇ ಪ್ರಶ್ನೆ ಹಾಕಿಕೊಂಡೆ: ಇದು ಆ ಮಗುವಿಗೆ ಏನು ಹೇಳುತ್ತದೆ?

‘ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ’ ಎಂಬಂಥವನ್ನು ಬಿಡುವುದು ಸುಲಭವಾಯಿತು. ‘ದೇವರ ಮಕ್ಕಳು’ ಎಂಬ ಕರುಣೆಯ ಮಾತೂ ಬೇಡವಾಯಿತು. ‘ಕಾಲಿಲ್ಲದವರೇ ಬೆಟ್ಟ ಹತ್ತಿದರು, ನಿನಗೇನಾಗಿದೆ?’ ಎನ್ನುವ ಧಾಟಿಯ ಮಾತು ಅಂಗವಿಕಲ ಮಗುವಿಗೆ ಹೇಳಿದ್ದೇ ಅಲ್ಲ. ಉಳಿದವರನ್ನು ನಾಚಿಸಲು ಆ ಮಗುವನ್ನು ಅಳತೆಗೋಲು ಮಾಡಿಕೊಳ್ಳುತ್ತದೆ. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬುದು ಕೇಳಲು ಚೆಂದ; ಆದರೆ ನಿಧಾನವಾಗಿ ಕಲಿಯುವವರ ಭವಿಷ್ಯವನ್ನು ಮೊದಲೇ ತೀರ್ಮಾನಿಸಿಬಿಡುತ್ತದೆ.

ನಿಜವಾಗಿ ಯೋಚನೆಗೆ ಹಚ್ಚಿದ್ದು ‘ಮನಸ್ಸಿದ್ದರೆ ಮಾರ್ಗ’. ಆ ಶಾಲೆಯ ಗ್ರಂಥಾಲಯಕ್ಕೆ ಮೂರು ಮೆಟ್ಟಿಲು. ಹುಡುಗಿಗೆ ಓದುವ ಮನಸ್ಸಿದೆ, ಮಾರ್ಗವಿಲ್ಲ. ಆ ಬಾಗಿಲ ಮೇಲೆ ಈ ಗಾದೆ ತೂಗುಹಾಕಿದರೆ ತಪ್ಪು ಅವಳದೇ ಎಂದಂತಾಗುತ್ತದೆ. ಅನುಪಾತದ ಪಾಠ ನಡೆಯುತ್ತಿದ್ದುದರಿಂದ ಮಕ್ಕಳೊಂದಿಗೆ ಟೇಪು ಹಿಡಿದು ಅಳೆದೆವು. ಮೆಟ್ಟಿಲೊಂದಕ್ಕೆ 15 ಸೆಂ.ಮೀ., ಒಟ್ಟು ಎತ್ತರ 45 ಸೆಂ.ಮೀ. ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು; ಅಂದರೆ ಕನಿಷ್ಠ 540 ಸೆಂ.ಮೀ. ಉದ್ದ ಬೇಕು. ಬಾಗಿಲ ಮುಂದೆ ಇದ್ದದ್ದು ನಾಲ್ಕು ಮೀಟರ್ ಮಾತ್ರ. ಹಲಗೆಯೊಂದನ್ನು ಒರಗಿಸಿದರೆ ಸಾಲದು, ನಡುವೆ ಸಮತಟ್ಟು ಬಿಟ್ಟು ದಾರಿಯನ್ನು ತಿರುಗಿಸಬೇಕು ಎಂದು ಮಕ್ಕಳೇ ನಕ್ಷೆ ಬರೆದರು. ಆ ನಕ್ಷೆಯ ಮೇಲೆ ‘ಮನಸ್ಸಿದ್ದರೆ ಮಾರ್ಗ’ ಎಂದು ಬರೆದು ಮುಖ್ಯ ಶಿಕ್ಷಕರ ಕೊಠಡಿಯ ಬಳಿ ಹಾಕಿದೆವು. ಅಲ್ಲಿ ಗಾದೆಯ ‘ಮನಸ್ಸು’ ಶಾಲೆಯದಾಯಿತು.

ತರಗತಿಗೆ ‘ಹನಿ ಹನಿ ಕೂಡಿದರೆ ಹಳ್ಳ’ ಉಳಿಸಿಕೊಂಡೆ. ಅದು ಯಾರನ್ನೂ ಯಾರೊಂದಿಗೂ ಹೋಲಿಸುವುದಿಲ್ಲ. ಯಾವ ಮಗುವಿಗೆ ಹೇಳಿದರೂ ಅರ್ಥ ಬದಲಾಗುವುದಿಲ್ಲ. ಅದರ ಕೆಳಗೆ ಮಕ್ಕಳ ಸ್ವಂತ ಮಾತುಗಳಿಗೆ ಜಾಗ ಬಿಟ್ಟೆ; ಹೆಸರು ಬರೆಯುವುದು ಅವರವರ ಇಷ್ಟ. ‘ಅಕ್ಷರ ದೊಡ್ಡದಿದ್ದರೆ ನಾನೇ ಓದಿಕೊಳ್ಳುತ್ತೇನೆ’ ಎಂದು ಹುಡುಗ ಬರೆದ. ಸಾಮರ್ಥ್ಯ, ಶ್ರಮ, ಬೇಕಾದ ಅನುಕೂಲ ಮೂರೂ ಆ ಒಂದು ವಾಕ್ಯದಲ್ಲಿದ್ದವು. ಕೂಡಲೇ ಎಲ್ಲ ಫಲಕಗಳನ್ನೂ ತಿಳಿಹಳದಿ ಹಾಳೆಯ ಮೇಲೆ ದಪ್ಪ ಕಪ್ಪಕ್ಷರದಲ್ಲಿ ಬರೆಸಿ, ಕುಳಿತವರ ಕಣ್ಣಿನ ಎತ್ತರಕ್ಕೆ ಹಾಕಿದೆವು. ‘ಕುರ್ಚಿ ತಳ್ಳುವ ಮುಂಚೆ ನನ್ನನ್ನು ಕೇಳಿ’ ಎಂದು ಹುಡುಗಿ ಬರೆದಳು. ಮರುದಿನದಿಂದ ಗೆಳತಿಯರು ಕೇಳತೊಡಗಿದರು. ಕೆಲವು ಸಲ ಅವಳು ‘ಬೇಡ’ ಎಂದಳು.

ನನ್ನ ಅಭ್ಯಾಸ ಬೋಧನೆ ಮುಗಿಯುವವರೆಗೂ ಇಳಿಜಾರು ಆಗಿರಲಿಲ್ಲ. ನಕ್ಷೆ ಮಾತ್ರ ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋಗಿತ್ತು.