ಎಷ್ಟು ಅನ್ನೋದು ಸುಲಭದ ಪ್ರಶ್ನೆ

ಕಾರ್ಖಾನೆಯಲ್ಲಿ ವೇತನ ಒಪ್ಪಂದ ಆಯ್ತು ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು: "ಎಷ್ಟಾಯ್ತು?" ಏಳು ಸಾವಿರ, ಎಂಟು ಸಾವಿರ ಅಂತ ಒಂದು ಸಂಖ್ಯೆ ಗೇಟಿನ ಹೊರಗೆ ಓಡಾಡುತ್ತೆ. ಆ ಸಂಖ್ಯೆ ಸುಳ್ಳಲ್ಲ. ಆದರೆ ಅದರಿಂದ ಒಪ್ಪಂದದ ಬಗ್ಗೆ ತಿಳಿಯುವುದು ತೀರಾ ಕಡಿಮೆ.

ಇದು ನನಗೆ ಗೊತ್ತಾದದ್ದು ಪೀಣ್ಯದ ಒಂದು ಕಾರ್ಖಾನೆಯ ಎಚ್‌ಆರ್ ವಿಭಾಗದಲ್ಲಿ ಕೆಲಸಕ್ಕಿದ್ದಾಗ. ಕಾಯಂ ಕಾರ್ಮಿಕರು ನೂರಾ ಎಂಬತ್ತು ಜನ. ಹಳೆಯ ಒಪ್ಪಂದದ ಅವಧಿ ಮುಗಿದು ಹನ್ನೊಂದು ತಿಂಗಳಾಗಿತ್ತು. ಯೂನಿಯನ್ನಿನವರು ಕೊಟ್ಟ ಬೇಡಿಕೆ ಪಟ್ಟಿಯ ಮೇಲೆ ಎಂಟು ಸುತ್ತಿನ ಮಾತುಕತೆ ನಡೆದಿತ್ತು. ಒಂಬತ್ತನೆಯದಕ್ಕೆ ನಡಾವಳಿ ಬರೆಯಲು ನನ್ನನ್ನು ಕೂರಿಸಿದರು. ಮೇಜಿನ ಆ ಕಡೆ ಯೂನಿಯನ್ನಿನ ಐವರು, ಈ ಕಡೆ ನಾವು ನಾಲ್ವರು. ಒಪ್ಪಂದದ ಕರಡು ಇಂಗ್ಲಿಷಿನಲ್ಲಿತ್ತು. ಅದರ ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿ ಹೇಳುವುದೂ ನನ್ನದೇ ಕೆಲಸ.

ಆ ಹೊತ್ತಿಗೆ ಆಡಳಿತ ಮಂಡಳಿ ತಿಂಗಳಿಗೆ 7,500 ರೂಪಾಯಿ ಹೆಚ್ಚಳದವರೆಗೆ ಬಂದಿತ್ತು. ಆದರೆ ಅದನ್ನು ಮೂರು ವರ್ಷಕ್ಕೆ ಸಮನಾಗಿ ಹಂಚಿ ಕೊಡುತ್ತೇವೆ ಅಂದಿದ್ದರು. ಅಂದರೆ ಮೊದಲ ವರ್ಷ 2,500, ಎರಡನೇ ವರ್ಷ ಇನ್ನೊಂದು 2,500, ಮೂರನೇ ವರ್ಷ ಮತ್ತೊಂದು. ಯೂನಿಯನ್ ಅಧ್ಯಕ್ಷರು, ಲೇಥ್ ವಿಭಾಗದವರು, ಜೇಬಿನಿಂದ ಮಡಚಿದ ಹಾಳೆ ತೆಗೆದರು.

"ಸಾರ್, 7,200 ಸಾಕು. ಆದ್ರೆ ಮೊದಲ ವರ್ಷವೇ ಶೇಕಡಾ 60 ಕೊಡಿ. ಉಳಿದದ್ದು 20, 20."

ಬೇಡಿಕೆ ಇಟ್ಟವರೇ ಮುನ್ನೂರು ಇಳಿಸಿದ್ದು ನನಗೆ ವಿಚಿತ್ರ ಅನ್ನಿಸಿತು. ಆಮೇಲೆ ಲೆಕ್ಕ ಹಾಕಿದೆ. ಮೊದಲ ವರ್ಷ ಸೇರಿದ ಹಣ 36 ತಿಂಗಳು ಕೈಗೆ ಬರುತ್ತೆ, ಎರಡನೇ ವರ್ಷದ್ದು 24 ತಿಂಗಳು, ಮೂರನೆಯದು ಬರೀ 12. ಸಮನಾಗಿ ಹಂಚಿದರೆ 7,500ರ ಒಪ್ಪಂದದಿಂದ ಒಬ್ಬರಿಗೆ ಮೂರು ವರ್ಷದಲ್ಲಿ ಸಿಗುವ ಹೆಚ್ಚುವರಿ ಹಣ 1,80,000 ರೂಪಾಯಿ. ಅವರು ಕೇಳಿದಂತೆ 4,320, 1,440, 1,440 ಎಂದು ಹಂಚಿದರೆ 7,200ರ ಒಪ್ಪಂದದಿಂದ 2,07,360. ಮುನ್ನೂರು ಬಿಟ್ಟು 27,360 ಜಾಸ್ತಿ ತಗೊಂಡ ಹಾಗಾಯ್ತು.

ಇದು ಆಡಳಿತಕ್ಕೂ ಪೂರ್ತಿ ನಷ್ಟವಲ್ಲ. ಮೂರು ವರ್ಷದ ನಂತರದ ಮಾತುಕತೆ ಶುರುವಾಗುವ ಸಂಬಳ ಮುನ್ನೂರು ಕಡಿಮೆ ಇರುತ್ತೆ, ಅದು ಮುಂದೆ ವರ್ಷವರ್ಷವೂ ಉಳಿಯುತ್ತೆ. ಇಬ್ಬರೂ ತಮ್ಮ ತಮ್ಮ ಲೆಕ್ಕ ಹಾಕಿಕೊಂಡೇ ಒಪ್ಪಿದರು.

ಮುಂದಿನ ಜಗಳ ಆ 7,200 ಯಾವ ಹೆಸರಿನಲ್ಲಿ ಸೇರಬೇಕು ಅನ್ನುವುದು. ನಮ್ಮ ಕಡೆಯವರು ಬೇಸಿಕ್‌ಗೆ 2,500 ಹಾಕಿ ಉಳಿದದ್ದನ್ನು ಹೆಚ್ಚಾಗಿ ಮನೆ ಬಾಡಿಗೆ ಭತ್ಯೆಗೆ ಸೇರಿಸೋಣ ಅಂದರು. ಆಗ ಪಿಎಫ್ ಮತ್ತು ಗ್ರಾಚ್ಯುಟಿ ಲೆಕ್ಕ ಬೇಸಿಕ್ ಮತ್ತು ಡಿಎ ಮೇಲೆ ನಡೆಯುತ್ತಿತ್ತು, ಬಾಡಿಗೆ ಭತ್ಯೆಯ ಮೇಲಲ್ಲ. ನಿಮ್ಮ ಹಳೆಯ ಆಫರ್ ಲೆಟರ್ ತೆಗೆದು ನೋಡಿದರೆ ಇದೇ ಆಟ ಅಲ್ಲೂ ಕಾಣಬಹುದು.

ಸೋಜಿಗ ಅಂದರೆ ಯೂನಿಯನ್ನಿನ ಕಡೆಯ ಇಬ್ಬರು ಹುಡುಗರಿಗೆ ಈ ಪ್ರಸ್ತಾವ ಇಷ್ಟವಾಗಿತ್ತು. ಬೇಸಿಕ್ ಕಡಿಮೆಯಾದರೆ ಪಿಎಫ್ ಕಡಿತವೂ ಕಡಿಮೆ, ಕೈಗೆ ಜಾಸ್ತಿ ಬರುತ್ತೆ. ಹಿರಿಯರ ಲೆಕ್ಕ ಬೇರೆ. ಆಗ ಗ್ರಾಚ್ಯುಟಿ ಅಂದರೆ ಕೊನೆಯ ಬೇಸಿಕ್ ಮತ್ತು ಡಿಎ ಸೇರಿದ ಮೊತ್ತವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ಸೇವೆಯ ವರ್ಷಗಳಿಂದ ಗುಣಿಸುವುದು. 26 ವರ್ಷ ದುಡಿದವರಿಗೆ ಬೇಸಿಕ್‌ನಲ್ಲಿ ಸೇರುವ ಪ್ರತಿ ಸಾವಿರಕ್ಕೆ ಗ್ರಾಚ್ಯುಟಿ 15,000 ಏರುತ್ತಿತ್ತು. ಅಧ್ಯಕ್ಷರು ಹುಡುಗರ ಕಡೆ ತಿರುಗಿ, "ನಿಂಗೂ ವಯಸ್ಸಾಗುತ್ತಪ್ಪಾ" ಅಂದರು, ಅಷ್ಟೇ. ಕೊನೆಗೆ ಬೇಸಿಕ್‌ಗೆ 4,500, ಭತ್ಯೆಗಳಿಗೆ 2,700 ಎಂದು ನಿಂತಿತು.

ಇಲ್ಲಿಗೆ ಮುಗೀತು ಅಂದುಕೊಂಡು ನಾನು ಓದುತ್ತಾ ಹೋದೆ. ಹಿಂಬಾಕಿಯ ಷರತ್ತು ಬಂತು. ಹಳೆಯ ಒಪ್ಪಂದ ಮುಗಿದ ಮರುದಿನದಿಂದಲೇ ಹೊಸದು ಜಾರಿ, ಹನ್ನೊಂದು ತಿಂಗಳ ಹಿಂಬಾಕಿ ಕೊಡುವುದು ಎಂದಿತ್ತು. ಕೆಳಗೊಂದು ಸಾಲು: ಈ ಸೌಲಭ್ಯ ಸಹಿಯಾದ ದಿನ ಹಾಜರಿ ಪಟ್ಟಿಯಲ್ಲಿರುವವರಿಗೆ.

"ಸಾರ್, ಅದನ್ನ ಇನ್ನೊಂದ್ಸಲ ಓದಿ" ಅಂದರು ಯೂನಿಯನ್ ಕಾರ್ಯದರ್ಶಿ.

ಓದಿದೆ. ಅವರು ಪೆನ್ನು ಕೆಳಗಿಟ್ಟರು. ಈ ಹನ್ನೊಂದು ತಿಂಗಳಲ್ಲಿ ಐದು ಜನ ನಿವೃತ್ತರಾಗಿದ್ದರು. ಅವರಲ್ಲೊಬ್ಬರು 26 ವರ್ಷ ಕೆಲಸ ಮಾಡಿ, ಹಳೆಯ ಒಪ್ಪಂದ ಮುಗಿದ ಎಂಟು ತಿಂಗಳಿಗೆ ಹೋದವರು. ಹೊಸ ಒಪ್ಪಂದ ಅವರಿಗೂ ಅನ್ವಯಿಸಿದರೆ ಎಂಟು ತಿಂಗಳ ಹಿಂಬಾಕಿ 34,560. ಮೊದಲ ವರ್ಷವೇ ಬೇಸಿಕ್‌ಗೆ ಸೇರುವ 2,700ರಿಂದ ಗ್ರಾಚ್ಯುಟಿ ವ್ಯತ್ಯಾಸ 40,500. ಒಟ್ಟು 75,060 ರೂಪಾಯಿ ಆ ಒಂದು ಸಾಲಿನ ಮೇಲೆ ನಿಂತಿತ್ತು.

"ಹೋದವರು ನಮ್ಮ ಕಾರ್ಮಿಕರಲ್ಲ, ಪ್ರೆಸಿಡೆಂಟ್ರೇ" ಅಂದರು ನಮ್ಮ ಎಚ್‌ಆರ್ ಮುಖ್ಯಸ್ಥರು.

"ಮಾತುಕತೆ ಹನ್ನೊಂದು ತಿಂಗಳು ಎಳೆದಿದ್ದು ಅವ್ರಲ್ಲ ಸಾರ್. ಆವತ್ತೇ ಸಹಿ ಆಗಿದ್ರೆ ಅವ್ರೂ ಪಟ್ಟೀಲಿ ಇರ್ತಿದ್ರು."

ಇದಕ್ಕೆ ಯಾರ ಬಳಿಯೂ ಉತ್ತರ ಇರಲಿಲ್ಲ. ಮುಖ್ಯಸ್ಥರು ಹೊರಗೆ ಹೋಗಿ ಎಂಡಿಗೆ ಫೋನ್ ಮಾಡಿದರು. ಅರ್ಧ ಗಂಟೆ ಸಭೆ ನಿಂತಿತು. ಕೊನೆಗೆ ಸಾಲು ಬದಲಾಯಿತು: ಜಾರಿ ದಿನಾಂಕದ ನಂತರ ನಿವೃತ್ತರಾದವರಿಗೆ ಮತ್ತು ತೀರಿಕೊಂಡವರ ವಾರಸುದಾರರಿಗೆ ಸಿಗುತ್ತದೆ, ರಾಜೀನಾಮೆ ಕೊಟ್ಟವರಿಗೆ ಇಲ್ಲ. ಇದಕ್ಕೆ ಪ್ರತಿಯಾಗಿ ಹಿಂಬಾಕಿಯನ್ನು ಎರಡು ಕಂತಿನಲ್ಲಿ ಪಡೆಯಲು ಯೂನಿಯನ್ ಒಪ್ಪಿತು. ನಾನು ನಡಾವಳಿಯಲ್ಲಿ ಎರಡನ್ನೂ ಅಕ್ಕಪಕ್ಕ ಬರೆದೆ. ಯಾವುದನ್ನು ಬಿಟ್ಟು ಯಾವುದನ್ನು ಪಡೆದರು ಎಂಬುದು ಒಪ್ಪಂದದಲ್ಲಿ ಕಾಣುವುದಿಲ್ಲ, ನಡಾವಳಿಯಲ್ಲಿ ಮಾತ್ರ ಉಳಿಯುತ್ತದೆ.

ಅವತ್ತು ರಾತ್ರಿ ಸಹಿ ಹಾಕಬಹುದಿತ್ತು. ಯೂನಿಯನ್ ಹಾಕಲಿಲ್ಲ. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ, ಎರಡೂ ಕಡೆಯವರು ತಾವೇ ಕೂತು ಸಹಿ ಹಾಕಿದರೆ ಅದು 18(1)ರ ಒಪ್ಪಂದ, ಸಹಿ ಹಾಕಿದ ಪಕ್ಷಗಳಿಗೆ ಮಾತ್ರ ಬಂಧನ. ಸಂಧಾನ ಅಧಿಕಾರಿಯ ಮುಂದೆ ಸಂಧಾನ ನಡೆದು ಸಹಿಯಾದರೆ ಅದು 12(3)ರ ಒಪ್ಪಂದ. ಅದು ಯೂನಿಯನ್ ಸದಸ್ಯರಲ್ಲದವರಿಗೂ, ನಾಳೆ ಕೆಲಸಕ್ಕೆ ಸೇರುವವರಿಗೂ ಅನ್ವಯಿಸುತ್ತದೆ. ನಮ್ಮಲ್ಲಿ ಸಣ್ಣದೊಂದು ಎರಡನೇ ಯೂನಿಯನ್ ಇತ್ತು. ಅದನ್ನು ಮುಂದಿಟ್ಟುಕೊಂಡು ಯಾರೂ ನಾಳೆ ತಕರಾರು ಎತ್ತಬಾರದು ಅನ್ನೋದು ಆಡಳಿತಕ್ಕೂ ಬೇಕಾಗಿತ್ತು.

ಹಾಗಾಗಿ ವಿಷಯ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಯಿತು. ಅಧಿಕಾರಿ ಎರಡೂ ಕಡೆಯವರನ್ನು ಕೂರಿಸಿ ಷರತ್ತುಗಳನ್ನು ಒಂದೊಂದಾಗಿ ಕೇಳಿ, ಎಲ್ಲರಿಗೂ ಅರ್ಥವಾಗಿದೆಯೇ, ಒಪ್ಪಿಗೆಯೇ ಎಂದು ಖಚಿತ ಮಾಡಿಕೊಂಡರು. ಪಕ್ಷಗಳ ಹೆಸರು, ಪ್ರತಿನಿಧಿಗಳು, ವಿವಾದದ ಚಿಕ್ಕ ವಿವರಣೆ, ಷರತ್ತುಗಳು, ಸಾಕ್ಷಿಗಳು. ಎಲ್ಲ ಪುಟಕ್ಕೂ ಸಹಿ ಬಿತ್ತು. ಸೀಲು ಬಿತ್ತು.

ಆ ಒಪ್ಪಂದದಲ್ಲಿ ಇಲ್ಲದವರೂ ಇದ್ದರು. ಅದೇ ಶೆಡ್ಡಿನಲ್ಲಿ ದುಡಿಯುತ್ತಿದ್ದ ಗುತ್ತಿಗೆ ಕಾರ್ಮಿಕರಿಗೆ ಬೇಡಿಕೆ ಪಟ್ಟಿಯಲ್ಲೂ ಜಾಗವಿರಲಿಲ್ಲ, ಹಾಗಾಗಿ ಹೆಚ್ಚಳವೂ ಇರಲಿಲ್ಲ.

ಈಗಲೂ ಯಾರಾದರೂ ಸಂಬಳದ ಹೆಚ್ಚಳದ ಸಂಖ್ಯೆ ಹೇಳಿದರೆ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಯಾವ ವರ್ಷ ಎಷ್ಟು? ಬೇಸಿಕ್‌ಗೋ ಭತ್ಯೆಗೋ? ಯಾವ ದಿನಾಂಕಕ್ಕೆ ಪಟ್ಟಿಯಲ್ಲಿದ್ದವರಿಗೆ? ಮೂರನೇ ಪ್ರಶ್ನೆಗೆ ಹೆಚ್ಚಿನವರು ಕಾಗದ ತೆಗೆದು ನೋಡಬೇಕಾಗುತ್ತದೆ.